ಅಳುವುದಕ್ಕೂ ಒಂದು ಕ್ರಮ

ಶೋಕಗೀತೆಯನ್ನು ತರಗತಿಯಲ್ಲಿ ಪಾಠ ಹೇಳುವುದು ಸುಲಭವಾದ ಕೆಲಸವಲ್ಲ. ಹಾಸ್ಯವಾದರೆ ಹುಡುಗರು ತಾವಾಗಿಯೇ ನಗುತ್ತಾರೆ. ವೀರರಸವಾದರೆ ಮೇಷ್ಟರ ಗಂಟಲೇ ಅರ್ಧ ಕೆಲಸವನ್ನು ಮಾಡಿಬಿಡುತ್ತದೆ. ಆದರೆ ಮಧ್ಯಾಹ್ನದ ಊಟ ಮುಗಿದ ಮೇಲಿನ ಮೊದಲ ಗಂಟೆಯಲ್ಲಿ, ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ಅರವತ್ತು ಮಂದಿಯ ಮುಂದೆ ನಿಂತು, ಎಂದೋ ಸತ್ತ ಯಾರಿಗಾಗಿಯೋ ಮತ್ತಾರೋ ಅತ್ತುದನ್ನು ವಿವರಿಸುವುದೆಂದರೆ ಸಂಕೋಚವಾಗುತ್ತದೆ. ತಾನೂ ಅಳುವಂತಿಲ್ಲ, ಅಳದೆ ಹೇಳಿದರೆ ಅದು ಅಳುವಿನ ಪಾಠವಾಗುವಂತಿಲ್ಲ.

ಹೀಗಿದ್ದರೂ ಶೋಕಗೀತೆಯೆಂಬ ಪ್ರಕಾರವನ್ನು ಪರಿಚಯ ಮಾಡಿಕೊಡಬೇಕಾದಾಗ ನಾನು ಪ್ರತಿವರ್ಷವೂ ಮಿಲ್ಟನ್ ಮಹಾಕವಿಯ ‘ಲಿಸಿಡಸ್’ ಎಂಬ ಕವನವನ್ನೇ ಎತ್ತಿಕೊಳ್ಳುತ್ತೇನೆ. ಕನ್ನಡದ ಮೇಷ್ಟರಿಗೆ ಇಂಗ್ಲಿಷ್ ಪದ್ಯದ ಉಸಾಬರಿ ಏಕೆ ಎಂದು ನನ್ನ ಸಹೋದ್ಯೋಗಿಗಳು ಒಮ್ಮೊಮ್ಮೆ ಕೇಳುವುದುಂಟು. ಸತ್ತವರನ್ನು ಕುರಿತ ಪ್ರಲಾಪ ನಮ್ಮಲ್ಲಿ ಬೇಕಾದಷ್ಟಿದೆ. ರಾಘವಾಂಕನ ಚಂದ್ರಮತಿ ಹಾವು ಕಚ್ಚಿದ ಮಗನ ಮೇಲೆ ಬಿದ್ದು ಅಳುವುದನ್ನು ಓದಿದವರಿಗೆ ಬೇರೆ ಪಾಠ ಬೇಡ. ಆದರೆ ಅಲ್ಲಿ ಅಳುವವಳು ಕಥೆಯೊಳಗಿನ ತಾಯಿ. ಕವಿಯೇ ತನ್ನ ಹೆಸರಿನಲ್ಲಿ, ತಾನು ಕಂಡು ಬಲ್ಲ ಒಬ್ಬನಿಗಾಗಿ ಅತ್ತು, ಅಳುವಿನ ಕೊನೆಗೆ ಒಂದು ಸಮಾಧಾನವನ್ನೂ ಹುಡುಕಿಕೊಳ್ಳುವ ಬಿಡಿ ಕವನವೆಂಬುದು ಹೊಸಗನ್ನಡಕ್ಕೆ ಹೆಚ್ಚಾಗಿ ಇಂಗ್ಲಿಷಿನ ಸಹವಾಸದಿಂದ ಬಂದದ್ದು. ಆ ಪ್ರಕಾರದ ಸಂಪ್ರದಾಯಗಳೆಲ್ಲ 193 ಪಂಕ್ತಿಗಳ ಈ ಒಂದೇ ಕವನದಲ್ಲಿ ಸಾಲಾಗಿ ನಿಂತಿವೆ. ನನ್ನ ಗದ್ಯಾನುವಾದವನ್ನು ಹುಡುಗರಿಗೆ ಬರೆಸಿ, ಅದರ ಮೇಲೆ ಪಾಠ ನಡೆಸುತ್ತೇನೆ.

ಕಳೆದ ವರ್ಷ ಪಾಠ ಮುಗಿಯುತ್ತಿದ್ದಂತೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. “ಸಾರ್, ಒಂದು ಮಾತು. ಸ್ನೇಹಿತ ನೀರಿನಲ್ಲಿ ಮುಳುಗಿ ಸತ್ತಿದ್ದಾನೆ. ಈತ ಕೂತುಕೊಂಡು ಹೂವಿನ ಪಟ್ಟಿ ಮಾಡುತ್ತಾನಲ್ಲ, ನಿಜವಾಗಿ ದುಃಖವಾದವರು ಹೀಗೆ ಮಾಡುತ್ತಾರೆಯೇ?”

ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ನನ್ನ ನಗುವಿಗೆ ಕಾರಣ ಬೇರೆ. ಆ ಹುಡುಗ ಯಾವ ವಿಮರ್ಶೆಯನ್ನೂ ಓದದೆಯೇ ಡಾಕ್ಟರ್ ಜಾನ್ಸನ್ನನ ಆಕ್ಷೇಪಣೆಯನ್ನು ಎತ್ತಿದ್ದ. 1779ರಲ್ಲಿ ಮಿಲ್ಟನ್ನನ ಚರಿತ್ರೆಯನ್ನು ಬರೆಯುತ್ತ ಜಾನ್ಸನ್ ಹೇಳಿದ್ದರ ಸಾರಾಂಶ ಇಷ್ಟೆ: ಕಟ್ಟುಕಥೆ ಹೆಣೆಯುವಷ್ಟು ಬಿಡುವಿರುವ ಕಡೆ ದುಃಖ ಹೆಚ್ಚಿರಲಾರದು, ಈ ಇಬ್ಬರೂ ಕುರಿ ಕಾಯ್ದವರಲ್ಲ, ಕಾಯ್ದಂತೆ ಹೇಳಿಕೊಳ್ಳುವುದು ಸುಳ್ಳು. ದೊಡ್ಡವನ ಮಾತು, ಸುಮ್ಮನೆ ತಳ್ಳಿಹಾಕುವಂಥದಲ್ಲ. ಅದಕ್ಕೆ ಉತ್ತರ ಬೇಕಾದರೆ ಕವನವನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು.

ಮೊದಲು ನಡೆದ ಸಂಗತಿ. ಎಡ್ವರ್ಡ್ ಕಿಂಗ್ ಎಂಬಾತ ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜಿನಲ್ಲಿ ಮಿಲ್ಟನ್ನನ ಕಾಲದಲ್ಲೇ ಓದಿದವನು, ಅಲ್ಲಿಯೇ ಫೆಲೋ ಆದವನು, ಪಾದ್ರಿಯಾಗಬೇಕೆಂದಿದ್ದವನು, ಅಷ್ಟಿಷ್ಟು ಲ್ಯಾಟಿನ್ ಪದ್ಯ ಬರೆದವನು. 1637ರ ಆಗಸ್ಟ್ 10ರಂದು ಚೆಸ್ಟರಿನಿಂದ ಐರ್ಲೆಂಡಿಗೆ ಹೋಗುತ್ತಿದ್ದಾಗ ಹಡಗು ಬಂಡೆಗೆ ಬಡಿದು ಮುಳುಗಿತು. ಆಗ ಅವನಿಗೆ ಇಪ್ಪತ್ತೈದು ವರ್ಷ. ದೇಹ ಸಿಕ್ಕಲಿಲ್ಲ. ಕೇಂಬ್ರಿಜ್ಜಿನ ಗೆಳೆಯರು ಸೇರಿ 1638ರಲ್ಲಿ ಒಂದು ಸ್ಮಾರಕ ಸಂಪುಟವನ್ನು ಅಚ್ಚು ಹಾಕಿಸಿದರು: ಮೊದಲು ಲ್ಯಾಟಿನ್ ಮತ್ತು ಗ್ರೀಕ್ ಪದ್ಯಗಳು, ಆಮೇಲೆ ಇಂಗ್ಲಿಷ್ ಪದ್ಯಗಳು. ಇಂಗ್ಲಿಷ್ ಭಾಗದ ಕಟ್ಟಕಡೆಯ ಕವನ ‘ಲಿಸಿಡಸ್’. ಕೆಳಗೆ ಬರೆದವನ ಪೂರ್ಣ ಹೆಸರು ಕೂಡ ಇಲ್ಲ, ಎರಡು ಮೊದಲಕ್ಷರಗಳು ಮಾತ್ರ.

ಮಿಲ್ಟನ್ನನಿಗೂ ಕಿಂಗನಿಗೂ ಪ್ರಾಣಸ್ನೇಹವಿತ್ತೆಂದು ಹೇಳಲು ಆಧಾರವಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಮಿಲ್ಟನ್ನನ ತಾಯಿ ತೀರಿಕೊಂಡಿದ್ದಳು. ಆಕೆಯನ್ನು ಕುರಿತು ಅವನು ಒಂದು ಪದ್ಯವನ್ನೂ ಉಳಿಸಿ ಹೋಗಿಲ್ಲ. ಇದನ್ನು ಹೇಳಿದಾಗ ಹುಡುಗರಿಗೆ ಅವನ ಮೇಲೆ ಇನ್ನಷ್ಟು ಅನುಮಾನ ಬರುತ್ತದೆ. ಬರಲಿ ಎಂದು ನಾನೂ ಬಿಡುತ್ತೇನೆ. ಅನುಮಾನವಿಲ್ಲದೆ ಓದಿದ ಶೋಕಗೀತೆ ಮನಸ್ಸಿಗೆ ಇಳಿಯುವುದಿಲ್ಲ.

ಇನ್ನು ಕುರುಬರ ವೇಷ. ಅದು ಮಿಲ್ಟನ್ ಕಂಡುಹಿಡಿದದ್ದಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸಿಸಿಲಿಯ ಥಿಯಾಕ್ರಿಟಸ್ ಎಂಬ ಗ್ರೀಕ್ ಕವಿ ದಾಫ್ನಿಸ್ ಎಂಬ ಗೋವಳನ ಸಾವನ್ನು ಮತ್ತೊಬ್ಬ ಗೋವಳನ ಬಾಯಲ್ಲಿ ಹಾಡಿಸಿದ. ರೋಮಿನ ವರ್ಜಿಲ್ ಅದನ್ನು ಮುಂದುವರಿಸಿ, ಸತ್ತ ದಾಫ್ನಿಸನನ್ನು ದೇವಲೋಕದ ಬಾಗಿಲಲ್ಲಿ ನಿಲ್ಲಿಸಿದ. ಅಲ್ಲಿಂದ ಮುಂದೆ ಈ ಜಾತಿಯ ಕವನಕ್ಕೆ ಒಂದು ನಡೆ ಗೊತ್ತಾಯಿತು. ಕವಿ ವಾಗ್ದೇವಿಯನ್ನು ಕರೆಯುತ್ತಾನೆ, ಸತ್ತವನೊಡನೆ ಕಳೆದ ದಿನಗಳನ್ನು ನೆನೆಯುತ್ತಾನೆ, ಗಿಡಮರಗಳು ಅಳುತ್ತವೆ, ಕಾಯಬೇಕಾದವರು ಎಲ್ಲಿ ಹೋಗಿದ್ದರೆಂದು ಕೇಳುತ್ತಾನೆ, ದುಃಖಿಗಳು ಒಬ್ಬೊಬ್ಬರಾಗಿ ಬಂದು ಹೋಗುತ್ತಾರೆ, ಹೂವನ್ನು ಎರಚುತ್ತಾರೆ, ಕೊನೆಗೆ, ಇನ್ನು ಅಳಬೇಡಿ, ಅವನು ಸತ್ತಿಲ್ಲ ಎಂದು ಹೇಳಿ ಮುಗಿಸುತ್ತಾನೆ. ನಮ್ಮ ಮಹಾಕಾವ್ಯಗಳಲ್ಲಿ ಹದಿನೆಂಟು ವರ್ಣನೆಗಳು ಹೇಗೋ ಹಾಗೆ ಇದೂ ಗೊತ್ತಾದ ದಾರಿ. ಮಿಲ್ಟನ್ ಈ ಯಾವ ಮೆಟ್ಟಿಲನ್ನೂ ಬಿಡುವುದಿಲ್ಲ. ಆದರೆ ಪ್ರತಿಯೊಂದರ ಮೇಲೂ ಕಾಲಿಟ್ಟು, ಅದು ತನ್ನ ಭಾರವನ್ನು ತಡೆಯುತ್ತದೆಯೇ ಎಂದು ನೋಡುತ್ತಾನೆ. ಅದೇ ಅವನ ವಿಶೇಷ.

ಒಂದು ನಿದರ್ಶನ. ಸಂಪ್ರದಾಯದಂತೆ ಅವನು ಜಲದೇವಿಯರನ್ನು ಕೇಳುತ್ತಾನೆ: ನಿಮ್ಮ ಪ್ರೀತಿಯ ಲಿಸಿಡಸನ ತಲೆಯ ಮೇಲೆ ನೀರು ಮುಚ್ಚಿಕೊಂಡಾಗ ನೀವು ಎಲ್ಲಿದ್ದಿರಿ? ಆ ಬೆಟ್ಟದ ಮೇಲೆ ಇರಲಿಲ್ಲ, ಈ ಹೊಳೆಯ ಬಳಿಯೂ ಇರಲಿಲ್ಲ. ಥಿಯಾಕ್ರಿಟಸನ ಗೋವಳ ಕೇಳಿದ ಪ್ರಶ್ನೆಯೇ ಇದು. ಆದರೆ ಕೇಳಿದ ಮರುಕ್ಷಣದಲ್ಲೇ ಮಿಲ್ಟನ್ ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ. ಇದೆಂಥ ಹುಚ್ಚು ಕನಸು, ನೀವಿದ್ದರೂ ಏನು ಮಾಡುತ್ತಿದ್ದಿರಿ ಎನ್ನುತ್ತಾನೆ. ವಾಗ್ದೇವಿಯ ಸ್ವಂತ ಮಗನಾದ ಆರ್ಫಿಯಸನ ರುಂಡ ಹೊಳೆಯಲ್ಲಿ ತೇಲಿಹೋದಾಗ ತಾಯಿಯೇ ಏನೂ ಮಾಡಲಾರದೆ ಹೋದಳಲ್ಲ! ಸಂಪ್ರದಾಯ ಒಂದು ಸಮಾಧಾನವನ್ನು ಕೈಗೆ ಕೊಟ್ಟಿತು, ಕವಿ ಅದನ್ನು ಹಿಡಿದು ನೋಡಿದ, ಅದು ಮುರಿಯಿತು.

ಆರ್ಫಿಯಸನ ನೆನಪಿನಿಂದ ಇನ್ನೊಂದು ಕಹಿ ಹುಟ್ಟುತ್ತದೆ. ಹಗಲಿರುಳು ಓದಿ, ಸುಖವನ್ನು ಬಿಟ್ಟು, ಕವಿತೆಗಾಗಿ ದುಡಿದು ಏನು ಬಂತು? ಹೆಸರು ಬರಬೇಕೆನ್ನುವ ಹೊತ್ತಿಗೆ ಸರಿಯಾಗಿ ಕುರುಡು ದೇವತೆ ಕತ್ತರಿ ಹಿಡಿದು ಬಂದು ಬಾಳಿನ ನೂಲನ್ನು ಕತ್ತರಿಸುತ್ತಾಳೆ. ಆಗ ಮಿಲ್ಟನ್ನನಿಗೆ ಇಪ್ಪತ್ತೆಂಟು ವರ್ಷ. ಓದು ಮುಗಿಸಿ ತಂದೆಯ ಮನೆಯಲ್ಲಿದ್ದುಕೊಂಡು, ಮುಂದೆ ದೊಡ್ಡ ಕಾವ್ಯ ಬರೆಯುತ್ತೇನೆಂದು ಇನ್ನೂ ಓದುತ್ತಲೇ ಇದ್ದವನು. ಇಲ್ಲಿ ಅವನು ಅಳುತ್ತಿರುವುದು ಕಿಂಗನಿಗಾಗಿ ಎನ್ನುವುದಕ್ಕಿಂತ ತನಗಾಗಿಯೇ ಎಂದು ಹುಡುಗರು ಬೇಗ ಗುರುತಿಸುತ್ತಾರೆ. ಸತ್ತವರ ಮನೆಗೆ ಹೋದಾಗ ನಮ್ಮಲ್ಲಿ ಮೊದಲು ಏಳುವ ಭಯ ಯಾವುದೆಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಅಪೊಲೊ ದೇವ ಬಂದು ಕಿವಿ ಮುಟ್ಟಿ, ನಿಜವಾದ ಕೀರ್ತಿ ಈ ಮಣ್ಣಿನಲ್ಲಿ ಬೆಳೆಯುವ ಗಿಡವಲ್ಲ, ಅದರ ತೀರ್ಪು ಮೇಲಿನದು ಎಂದು ಹೇಳಿ ಹೋಗುತ್ತಾನೆ. ಉತ್ತರ ಗಂಭೀರವಾದದ್ದೇ, ಆದರೆ ಕವನ ಅಲ್ಲಿ ನಿಲ್ಲುವುದಿಲ್ಲ. ಕಡಲು ಬರುತ್ತದೆ, ಕೇಮ್ ನದಿ ಬರುತ್ತದೆ, ಸಂತ ಪೀಟರ್ ಬಂದು ಕುರಿಗಳಿಗೆ ಮೇವು ಹಾಕದೆ ತಮ್ಮ ಹೊಟ್ಟೆ ಹೊರೆದುಕೊಳ್ಳುವ ಪಾದ್ರಿಗಳ ಮೇಲೆ ಗುಡುಗುತ್ತಾನೆ. ಒಳ್ಳೆಯವನು ಹೋದ, ಇಂಥವರು ಉಳಿದರು ಎಂಬ ಸಿಟ್ಟು ಅದು. ಯಾವ ಸಾವಿನ ಮನೆಯಲ್ಲಿಯೂ ಈ ಮಾತು ಕೇಳಿಬರದೆ ಇರುವುದಿಲ್ಲ.

ಈಗ ಹುಡುಗ ಕೇಳಿದ ಹೂವಿನ ಪಟ್ಟಿ. ಸಿಟ್ಟು ಇಳಿದ ಮೇಲೆ ಕವಿ ಕಣಿವೆಗಳನ್ನು ಕರೆದು, ಹೂಗಳನ್ನೆಲ್ಲ ತಂದು ಲಿಸಿಡಸನ ಚಟ್ಟದ ಮೇಲೆ ಎರಚಿ ಎನ್ನುತ್ತಾನೆ. ಒಂದೊಂದು ಹೂವಿಗೂ ಒಂದೊಂದು ಬಣ್ಣ, ಒಂದೊಂದು ಭಂಗಿ. ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಮಿಲ್ಟನ್ನನ ಕೈಬರಹದ ಪ್ರತಿ ಇದೆ. ಅದರಲ್ಲಿ ಈ ಭಾಗವನ್ನು ಬೇರೆ ಹಾಳೆಯ ಮೇಲೆ ತಿದ್ದಿ ಬರೆದು ಆಮೇಲೆ ಸೇರಿಸಿದ್ದಾನೆ. ಎಂದರೆ ಹೂವಿಲ್ಲದೆ ಮೊದಲು ಬರೆದ, ಸಾಲದೆನಿಸಿತು, ಮತ್ತೆ ಕುಳಿತು ಹೂವನ್ನು ಕಟ್ಟಿದ. ಬಿಡುವಿದ್ದವನ ಕೆಲಸ ಎಂದು ಜಾನ್ಸನ್ ನಕ್ಕಾನು. ಆದರೆ ಹೂವಿನ ಪಟ್ಟಿ ಮುಗಿದ ಕೂಡಲೇ ಕವಿ ಏನು ಹೇಳುತ್ತಾನೆ ನೋಡಿ. ನಮ್ಮ ದುರ್ಬಲವಾದ ಮನಸ್ಸು ಸ್ವಲ್ಪ ಹೊತ್ತು ಈ ಸುಳ್ಳು ಊಹೆಯೊಡನೆ ಆಡಿಕೊಂಡಿರಲಿ ಎನ್ನುತ್ತಾನೆ. ಸುಳ್ಳು ಏಕೆ? ಹೂವೆರಚಲು ಚಟ್ಟವೇ ಇಲ್ಲ, ದೇಹವೇ ಸಿಕ್ಕಿಲ್ಲ. ಆ ಎಲುಬುಗಳನ್ನು ಕಡಲು ಉತ್ತರದ ಹೆಬ್ರಿಡೀಸ್ ದ್ವೀಪಗಳಾಚೆಗೆ ಎಳೆದುಕೊಂಡು ಹೋಯಿತೋ, ದಕ್ಷಿಣದ ತುದಿಯಲ್ಲಿ ಸ್ಪೇನಿನ ಕಡೆಗೆ ಮುಖ ಮಾಡಿದ ಗುಡ್ಡದ ಬಳಿ ಮಲಗಿಸಿತೋ ಯಾರು ಬಲ್ಲರು?

ಇಲ್ಲಿಗೆ ಬಂದಾಗ ತರಗತಿ ತಾನಾಗಿ ಸದ್ದಡಗುತ್ತದೆ. ಹೂವಿನ ಪಟ್ಟಿ ಉದ್ದವಾದಷ್ಟೂ ಅದು ಮುರಿದಾಗ ತೆರೆಯುವ ಕಡಲು ವಿಶಾಲವಾಗುತ್ತದೆ. ಮನೆಯವರು ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಸಿದ್ಧಪಡಿಸಿ, ಎತ್ತಲು ಬಗ್ಗಿದಾಗ ಎತ್ತಬೇಕಾದದ್ದೇ ಇಲ್ಲವೆಂದು ಅರಿತ ಹಾಗೆ. ಶಾಸ್ತ್ರವಿಲ್ಲದಿದ್ದರೆ ಈ ಶೂನ್ಯ ಕಾಣುತ್ತಲೇ ಇರಲಿಲ್ಲ.

ಇದಾದ ಮೇಲೆ, ಇದಾದ ಮೇಲೆಯೇ, ನಿಜವಾದ ಸಮಾಧಾನ ಬರುತ್ತದೆ: ಇನ್ನು ಅಳಬೇಡಿ, ಕಡಲಲ್ಲಿ ಮುಳುಗಿದ ಸೂರ್ಯ ಮತ್ತೆ ಮೂಡುವಂತೆ ಲಿಸಿಡಸನೂ ಎದ್ದಿದ್ದಾನೆ, ಅಲೆಗಳ ಮೇಲೆ ನಡೆದಾತನ ಕೃಪೆಯಿಂದ. ಈ ನಂಬಿಕೆ ಕ್ರೈಸ್ತನದು. ನನ್ನ ತರಗತಿಯಲ್ಲಿ ಬಹುಮಂದಿಯದಲ್ಲ. ಆದರೂ ಅದು ಅವರನ್ನು ಮುಟ್ಟುತ್ತದೆ. ಮುಳುಗಿಸಿದ ನೀರನ್ನು ಕವಿ ಮರೆಮಾಡಲಿಲ್ಲ. ಸಮಾಧಾನವನ್ನು ಆ ನೀರಿನ ಒಳಗಿನಿಂದಲೇ ಎತ್ತಿದ. ಒಂದು ವಿಷಯವನ್ನು ಇಲ್ಲಿ ಗಮನಿಸಬೇಕು. ಉಳಿದ ಪ್ರಯಾಣಿಕರು ಪ್ರಾಣಕ್ಕಾಗಿ ಒದ್ದಾಡುತ್ತಿದ್ದಾಗ ಕಿಂಗ್ ಮಂಡಿಯೂರಿ ಪ್ರಾರ್ಥಿಸುತ್ತ ಮುಳುಗಿದನೆಂದು ಸ್ಮಾರಕ ಸಂಪುಟದ ಲ್ಯಾಟಿನ್ ಪೀಠಿಕೆ ಹೇಳುತ್ತದೆ. ಎಷ್ಟು ಸುಲಭವಾಗಿ ಸಿಕ್ಕಿದ ಸಮಾಧಾನ! ಮಿಲ್ಟನ್ ಅದನ್ನು ಮುಟ್ಟಲೇ ಇಲ್ಲ.

ಕಡೆಯ ಎಂಟು ಪಂಕ್ತಿಗಳಲ್ಲಿ ಧ್ವನಿ ಬದಲಾಗುತ್ತದೆ. ಇಷ್ಟು ಹೊತ್ತೂ ‘ನಾನು’ ಎಂದು ಅತ್ತವನನ್ನು ಈಗ ಯಾರೋ ದೂರದಿಂದ ನೋಡಿ ಹೇಳುತ್ತಾರೆ: ಒಬ್ಬ ಗೋವಳ ಬೆಳಗಿನಿಂದ ಹೀಗೆ ಹಾಡಿದ, ಹೊತ್ತು ಮುಳುಗಿತು, ಎದ್ದು ನೀಲಿ ಹೊದಿಕೆಯನ್ನು ಸರಿಮಾಡಿಕೊಂಡ, ನಾಳೆ ಬೇರೆ ಕಾಡು, ಬೇರೆ ಹುಲ್ಲುಗಾವಲು. ಸತ್ತವನಿಗೆ ಸ್ವರ್ಗ ಸಿಕ್ಕಿತೆನ್ನುವುದು ಒಂದು ಸಮಾಧಾನ. ಉಳಿದವನು ಎದ್ದು ಹೊದಿಕೆ ಹೊದೆದುಕೊಂಡನೆನ್ನುವುದು ಇನ್ನೊಂದು. ಎರಡನೆಯದಕ್ಕೆ ಯಾವ ಮತದ ಅಪ್ಪಣೆಯೂ ಬೇಕಿಲ್ಲ.

ಹಾಗಾದರೆ ಕೆಟ್ಟ ಶೋಕಗೀತೆಯನ್ನು ಗುರುತಿಸುವುದು ಹೇಗೆ? ಅದೇ ಸಂಪುಟದಲ್ಲಿ ಜಾನ್ ಕ್ಲೀವ್ಲೆಂಡ್ ಎಂಬಾತನ ಕವನವೂ ಇದೆ. ತಾಳಕ್ಕೆ ಹಾಕಿದ ಕಣ್ಣೀರು ತನಗೆ ಹಿಡಿಸದೆಂದು ಅವನು ಆರಂಭಿಸುತ್ತಾನೆ. ನಮ್ಮ ಹುಡುಗನಿಗೆ ಮೆಚ್ಚಿಗೆಯಾಗಬೇಕಾದ ಮಾತು. ಆದರೆ ಮುಂದೆ ಅವನು ಮಾಡುವುದು ತನ್ನ ಲೇಖನಿಯನ್ನು ಕಣ್ಣೀರಿನ ಮಳೆನೀರು ಹರಿದುಹೋಗುವ ದೋಣಿಗೆ ಹೋಲಿಸುವಂಥ ಚಮತ್ಕಾರಗಳನ್ನು. ಸಂಪ್ರದಾಯವನ್ನು ಬಿಟ್ಟವನು ಸತ್ಯಕ್ಕೆ ಹತ್ತಿರವಾಗಲಿಲ್ಲ. ತನ್ನ ಜಾಣತನಕ್ಕೆ ಹತ್ತಿರವಾದ. ಅಲ್ಲಿ ನಮ್ಮ ಕಣ್ಣು ಸತ್ತವನ ಮೇಲೆ ನಿಲ್ಲದೆ ಬರೆದವನ ಮೇಲೆ ನಿಲ್ಲುತ್ತದೆ. ಗುರುತು ಹಿಡಿಯಲು ಇದು ಒಂದು ದಾರಿ. ಇನ್ನೊಂದು ಇದೆ: ಸಮಾಧಾನ ಯಾವಾಗ ಬರುತ್ತದೆಂದು ನೋಡಬೇಕು. ನಡೆದದ್ದನ್ನು ಒಪ್ಪಿಕೊಳ್ಳುವ ಮೊದಲೇ ಬಂದುಬಿಟ್ಟರೆ ಅದು ಸಮಾಧಾನವಲ್ಲ, ಬಾಯಿ ಮುಚ್ಚಿಸುವ ಉಪಾಯ.

ಇಷ್ಟನ್ನು ಹೇಳಿದ ಮೇಲೂ ಹುಡುಗನಿಗೆ ಪೂರ್ಣ ಒಪ್ಪಿಗೆಯಾಗಲಿಲ್ಲ. ಆಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ, ಸಾಮಾನ್ಯವಾಗಿ ಬಾಯಿ ಬಿಡದವಳು, ಹೇಳಿದಳು: “ಸಾರ್, ನಮ್ಮ ತಾತ ಹೋದಾಗ ಅಜ್ಜಿ ಹಾಡಿಕೊಂಡೇ ಅತ್ತರು. ತಾತನ ರುಮಾಲು, ನೇಗಿಲು, ಎತ್ತು ಎಲ್ಲವನ್ನೂ ಒಂದೊಂದಾಗಿ ಹೆಸರಿಟ್ಟು ಕರೆದರು. ಊರ ದೇವರನ್ನು, ನೀನೆಲ್ಲಿಗೆ ಹೋಗಿದ್ದೆ ಅಂತ ಬೈದರು. ಪಕ್ಕದ ಮನೆಯಲ್ಲಿ ಸತ್ತಾಗಲೂ ಅವರು ಹಾಗೆಯೇ ಅಳುತ್ತಾರೆ. ಹಾಗಂತ ತಾತನಿಗೆ ಅತ್ತದ್ದು ಸುಳ್ಳಲ್ಲ ಸಾರ್.”

ನಾನು ಒಂದು ಗಂಟೆ ಹೇಳಿದ್ದನ್ನು ಆಕೆ ಒಂದು ನಿಮಿಷದಲ್ಲಿ ಹೇಳಿದಳು. ಸಿಸಿಲಿಯ ಗೋವಳನೂ ಆ ಅಜ್ಜಿಯೂ ಒಂದೇ ಪ್ರಶ್ನೆಯನ್ನು ಕೇಳಿದ್ದರು. ಮಾತು ಮೊದಲೇ ಗೊತ್ತಿದ್ದುದರಿಂದಲೇ ಆಕೆಗೆ ಬಾಯಿ ಕಟ್ಟಲಿಲ್ಲ.

ಇಲ್ಲಿಗೆ ಲೇಖನವನ್ನು ನಿಲ್ಲಿಸಬಹುದಾಗಿತ್ತು. ಆದರೆ ಮುಂದೆ ನಡೆದದ್ದನ್ನು ಹೇಳದಿದ್ದರೆ ನನ್ನ ಪಾಠ ಪುಸ್ತಕದ ಪಾಠವಾಗಿಯೇ ಉಳಿಯುತ್ತದೆ. ಎರಡು ತಿಂಗಳ ತರುವಾಯ ಆ ಹಿಂದಿನ ಬೆಂಚಿನ ಹುಡುಗ ತರಗತಿಗೆ ಬರುವುದು ನಿಂತಿತು. ವಿಚಾರಿಸಿದಾಗ, ಊರಿನಲ್ಲಿ ಅವನ ತಂದೆ ತೀರಿಕೊಂಡರೆಂದು ತಿಳಿಯಿತು. ಅವನಿಗೊಂದು ಕಾಗದ ಬರೆಯೋಣವೆಂದು ಕುಳಿತೆ. ‘ದೈವೇಚ್ಛೆ, ಹುಟ್ಟಿದವರು ಹೋಗಲೇಬೇಕು, ಧೈರ್ಯ ತಂದುಕೊ, ತಾಯಿಗೆ ನೀನೇ ಆಸರೆ’ ಎಂದು ನಾಲ್ಕು ಸಾಲು ತಾವಾಗಿಯೇ ಬಂದವು. ಓದಿ ನೋಡಿದೆ. ನನ್ನ ತಂದೆ ಹೋದಾಗ ನನಗೆ ಬಂದ ಕಾಗದಗಳಲ್ಲೆಲ್ಲ ಇದ್ದ ನಾಲ್ಕು ಸಾಲುಗಳೇ ಅವು. ಅಂದು ಅವನ್ನು ಓದಿ ನನಗೆ ಏನೂ ಅನ್ನಿಸಿರಲಿಲ್ಲ. ಒಂದು ಕಾಗದ ಮಾತ್ರ ಬೇರೆಯಾಗಿತ್ತು. ತಂದೆಯ ಹಳೆಯ ಸ್ನೇಹಿತರೊಬ್ಬರು ಅವರ ಕೊಡೆಯ ವಿಷಯ ಬರೆದಿದ್ದರು: ಮಳೆಯಿರಲಿ ಬಿಸಿಲಿರಲಿ ಅದನ್ನು ಬಿಚ್ಚದೆ ಕಂಕುಳಲ್ಲಿ ಇಟ್ಟುಕೊಂಡೇ ನಡೆಯುತ್ತಿದ್ದರೆಂದು. ಅದರ ಕೆಳಗೆ ಅವರೂ ಅದೇ ನಾಲ್ಕು ಸಾಲನ್ನು ಬರೆದಿದ್ದರು. ಆದರೆ ಆ ಕಾಗದವನ್ನು ಓದಿಯೇ ನಾನು ಮೊದಲ ಸಲ ಅತ್ತದ್ದು. ಕೊಡೆಯ ಕೆಳಗೆ ಬಂದಾಗ ಆ ಸಾಲುಗಳೂ ನನಗೆ ನಿಜವಾಗಿ ಕಂಡವು.

ಬರೆದ ಹಾಳೆಯನ್ನು ಬದಿಗಿಟ್ಟು ಇನ್ನೊಂದನ್ನು ತೆಗೆದುಕೊಂಡೆ. ಹುಡುಗನ ತಂದೆಯನ್ನು ನಾನು ನೋಡಿದ್ದು ಒಂದೇ ಸಲ, ಮಗನನ್ನು ಸೇರಿಸಲು ಬಂದ ದಿನ. ಕಛೇರಿಯ ಮುಂದೆ ಚಪ್ಪಲಿ ಕಳಚಿಟ್ಟು ಒಳಗೆ ಬಂದಿದ್ದರು. ಇದು ದೇವಸ್ಥಾನವಲ್ಲವೆಂದು ಗುಮಾಸ್ತರು ನಕ್ಕಾಗ, “ನಮಗೆ ಹಾಗೇ ಸ್ವಾಮಿ” ಎಂದಿದ್ದರು. ಅದನ್ನು ಬರೆದೆ. ಅವರು ಇನ್ನು ಆ ಬಾಗಿಲಿಗೆ ಬರುವುದಿಲ್ಲವೆಂಬುದನ್ನೂ ಬರೆದೆ. ಆಮೇಲೆ, ಬೇರೆ ಮಾತು ತೋಚದೆ, ಮೊದಲಿನ ಹಾಳೆಯ ನಾಲ್ಕು ಸಾಲುಗಳನ್ನೇ ನಕಲು ಮಾಡಿ ಸಹಿ ಹಾಕಿದೆ.

ಮೂರು ವಾರ ಕಳೆದ ಮೇಲೆ ಹುಡುಗ ಬಂದ. ತಲೆ ಬೋಳಿಸಿ ಕೂದಲು ಈಗಷ್ಟೇ ಚಿಗುರುತ್ತಿತ್ತು. ತರಗತಿ ಮುಗಿದಾಗ ಬಾಗಿಲ ಬಳಿ ನಿಂತಿದ್ದ.

“ಕಾಗದ ಬಂತು ಸಾರ್. ಅಮ್ಮನಿಗೂ ಓದಿ ಹೇಳಿದೆ. ಚಪ್ಪಲಿಯ ಮಾತನ್ನು ಎರಡು ಸಲ ಓದಿಸಿಕೊಂಡರು.”

“ಆಮೇಲಿನದನ್ನು?” ಎಂದೆ.

“ಅದನ್ನೂ ಓದಿದೆ ಸಾರ್. ಆಗ ಕಣ್ಣೊರಸಿಕೊಂಡು ಒಳಗೆ ಹೋಗಿ ಒಲೆ ಹಚ್ಚಿದರು.”